ನೆರಳಿನ ವೃತ್ತ, ಚಂದ್ರನ ರೇಖೆ

2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಸಂಪೂರ್ಣ ಚಂದ್ರಗ್ರಹಣವಿತ್ತು. ಸ್ಪರ್ಶ 9.57ಕ್ಕೆ, ನಿಮೀಲನ 11.01ಕ್ಕೆ, ಮಧ್ಯ 11.42ಕ್ಕೆ, ಉನ್ಮೀಲನ 12.23ಕ್ಕೆ, ಮೋಕ್ಷ 1.26ಕ್ಕೆ. ಇಂಥ ಪಟ್ಟಿಯನ್ನು ಪಂಚಾಂಗದಲ್ಲಿ ಎಲ್ಲರೂ ಓದುತ್ತಾರೆ, ಅದು ಹೇಗೆ ಬಂತೆಂದು ಕೇಳುವವರು ಕಡಿಮೆ. ಮಧ್ಯಕಾಲವೊಂದನ್ನು ಕೊಟ್ಟರೆ ಉಳಿದ ನಾಲ್ಕನ್ನೂ ಪಿಯುಸಿ ಮೊದಲ ವರ್ಷದ ಗಣಿತದಿಂದಲೇ ತೆಗೆಯಬಹುದು. ಒಂದು ವೃತ್ತದ ಸಮೀಕರಣ ಬರೆಯಬೇಕು, ಅದನ್ನು ಒಂದು ಸರಳರೇಖೆ ಎಲ್ಲಿ ಕಡಿಯುತ್ತದೆ ಎಂದು ನೋಡಬೇಕು, ಅಷ್ಟೇ.

ಮೊದಲು ಬೇಕಾದ ಸಾಮಗ್ರಿ. ಆಕಾಶದ ಅಳತೆಗೆ ನಮ್ಮ ಜ್ಯೋತಿಷಿಗಳು ಬಳಸುತ್ತಿದ್ದ ‘ಕಲೆ’ಯನ್ನೇ ಇಟ್ಟುಕೊಳ್ಳೋಣ, ಒಂದು ಡಿಗ್ರಿಗೆ 60 ಕಲೆ. ಆ ರಾತ್ರಿ ಚಂದ್ರನಿದ್ದ ದೂರದಲ್ಲಿ ಭೂಮಿಯ ದಟ್ಟ ನೆರಳಿನ ತ್ರಿಜ್ಯ ಸುಮಾರು 44 ಕಲೆ. ಚಂದ್ರಬಿಂಬದ ತ್ರಿಜ್ಯ ಸುಮಾರು 16 ಕಲೆ. ಚಂದ್ರನ ದಾರಿ ನೆರಳಿನ ನಡುಬಿಂದುವಿನಿಂದ ದಕ್ಷಿಣಕ್ಕೆ 16 ಕಲೆ ಸರಿದಿತ್ತು. ನೆರಳಿಗೆ ಹೋಲಿಸಿದರೆ ಚಂದ್ರನ ವೇಗ ಗಂಟೆಗೆ 33 ಕಲೆ, ಅಂದರೆ ನಿಮಿಷಕ್ಕೆ 0.55. ಇವೆಲ್ಲ ದುಂಡಾಗಿಸಿದ ಸಂಖ್ಯೆಗಳು. ಆ ದುಂಡಾಗಿಸುವಿಕೆಗೆ ತೆರಬೇಕಾದ ಬೆಲೆ ಎಷ್ಟೆಂದು ಮುಂದೆ ಕಾಣುತ್ತದೆ.

ಇಲ್ಲೊಂದು ಸಣ್ಣ ತೊಡಕಿದೆ. ಚಂದ್ರ ಬಿಂದುವಲ್ಲ, ಬಿಂಬ. ನೆರಳೂ ಒಂದು ಬಿಂಬ. ಎರಡು ಬಿಂಬಗಳ ಅಂಚು ತಾಗುವ ಗಳಿಗೆಯನ್ನು ಹಿಡಿಯುವುದು ಹೇಗೆ? ಅಂಚುಗಳನ್ನು ಬಿಟ್ಟು ಕೇಂದ್ರಗಳ ಕಡೆ ನೋಡಿದರೆ ಸುಲಭವಾಗುತ್ತದೆ. ಎರಡೂ ಹೊರಗಿನಿಂದ ತಾಗಿದಾಗ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ ತ್ರಿಜ್ಯಗಳ ಮೊತ್ತ, 44 + 16 = 60 ಕಲೆ. ಸಿದ್ಧಾಂತ ಗ್ರಂಥಗಳಲ್ಲಿ ಇದು ಮಾನೈಕ್ಯಾರ್ಧ. ಚಂದ್ರ ಪೂರ್ತಿ ಒಳಗೆ ಸೇರಿ ಅವನ ಹಿಂದಿನ ಅಂಚು ನೆರಳಿನ ಅಂಚಿಗೆ ತಾಗಿದಾಗ ಆ ದೂರ ವ್ಯತ್ಯಾಸಕ್ಕೆ ಇಳಿಯುತ್ತದೆ, 44 − 16 = 28 ಕಲೆ. ಆದ್ದರಿಂದ ಚಂದ್ರನನ್ನು ಬಿಂದುವೆಂದೇ ತಿಳಿದು, ನೆರಳಿನ ಕೇಂದ್ರದ ಸುತ್ತ 60 ಮತ್ತು 28ರ ಎರಡು ವೃತ್ತ ಎಳೆದರೆ ಸಾಕು. ದೊಡ್ಡ ವೃತ್ತವನ್ನು ಬಿಂದು ದಾಟುವ ಎರಡು ಜಾಗ ಸ್ಪರ್ಶ ಮತ್ತು ಮೋಕ್ಷ, ಚಿಕ್ಕದನ್ನು ದಾಟುವ ಎರಡು ಜಾಗ ನಿಮೀಲನ ಮತ್ತು ಉನ್ಮೀಲನ.

ಈಗ ಸಮೀಕರಣ. ಕೇಂದ್ರ (h, k), ತ್ರಿಜ್ಯ r ಆಗಿರುವ ವೃತ್ತವೆಂದರೆ ಕೇಂದ್ರದಿಂದ ಸರಿಯಾಗಿ r ದೂರದಲ್ಲಿರುವ ಬಿಂದುಗಳೆಲ್ಲ. ಅಡ್ಡಕ್ಕೆ x − h, ಲಂಬಕ್ಕೆ y − k, ಇವೆರಡು ಭುಜಗಳಾದ ಲಂಬಕೋನ ತ್ರಿಭುಜದ ಕರ್ಣವೇ ಆ ದೂರ. ವರ್ಗಮೂಲ ಬೇಡವೆಂದು ಎರಡೂ ಕಡೆ ವರ್ಗ ಮಾಡಿದರೆ:

(x − h)² + (y − k)² = r²

ಅಕ್ಷಗಳನ್ನು ಎಲ್ಲಿ ಇಡಬೇಕೆನ್ನುವುದು ನಮ್ಮ ಇಷ್ಟ. ರಾತ್ರಿ 10 ಗಂಟೆಗೆ ಚಂದ್ರಕೇಂದ್ರ ಇದ್ದ ಜಾಗವನ್ನು ಮೂಲಬಿಂದುವಾಗಿಟ್ಟು, ಚಂದ್ರ ಸಾಗುವ ದಾರಿಯನ್ನೇ x ಅಕ್ಷ ಮಾಡೋಣ. ಹಾಗಾದರೆ ದಾರಿಯ ಸಮೀಕರಣ y = 0. ಗ್ರಹಣಮಧ್ಯ 11.42ಕ್ಕೆ, ಹತ್ತು ಗಂಟೆಯಾಗಿ 102 ನಿಮಿಷಕ್ಕೆ. ಅಷ್ಟರಲ್ಲಿ ಚಂದ್ರ ನಡೆದದ್ದು 102 × 0.55, ಸುಮಾರು 56 ಕಲೆ. ಆ ಕ್ಷಣ ನೆರಳಿನ ಕೇಂದ್ರ ದಾರಿಯಿಂದ ನೇರ ಉತ್ತರಕ್ಕೆ 16 ಕಲೆ ದೂರದಲ್ಲಿರುತ್ತದೆ. ಹೀಗಾಗಿ ಕೇಂದ್ರ (56, 16), ದೊಡ್ಡ ವೃತ್ತ ಹೀಗೆ:

(x − 56)² + (y − 16)² = 3600

y ಜಾಗದಲ್ಲಿ ಸೊನ್ನೆ ಇಟ್ಟರೆ (x − 56)² = 3600 − 256 = 3344. ಇದರ ವರ್ಗಮೂಲ 57.8. x ಬೆಲೆಗಳು −1.8 ಮತ್ತು 113.8. ಪರೀಕ್ಷೆಯಲ್ಲಾದರೆ ಋಣ ಉತ್ತರ ಬಂತೆಂದು ಹುಡುಗರು ಅದನ್ನು ಹೊಡೆದು ಹಾಕುತ್ತಾರೆ. ಇಲ್ಲಿ ಅದಕ್ಕೆ ನೇರ ಅರ್ಥವಿದೆ: ಹತ್ತು ಗಂಟೆಗೆ ಮೊದಲೇ ಸ್ಪರ್ಶವಾಗಿತ್ತು. 1.8 ಕಲೆಗೆ ಸುಮಾರು 3 ನಿಮಿಷ, ಅಂದರೆ 9.57. ಇನ್ನೊಂದು ಬೆಲೆ 207 ನಿಮಿಷ ಕೊಡುತ್ತದೆ, 1.27. ಚಿಕ್ಕ ವೃತ್ತಕ್ಕೆ 784 − 256 = 528, ವರ್ಗಮೂಲ 23; x ಬೆಲೆಗಳು 33 ಮತ್ತು 79. ಗಡಿಯಾರಕ್ಕೆ ತಿರುಗಿಸಿದರೆ 11.00 ಮತ್ತು 12.24. ಪ್ರಕಟವಾದ ಹೊತ್ತುಗಳಿಗೂ ನಮ್ಮವಕ್ಕೂ ಹೆಚ್ಚೆಂದರೆ ಒಂದೊಂದು ನಿಮಿಷದ ಅಂತರ. ದುಂಡಾಗಿಸಿದ್ದಕ್ಕೆ ತೆತ್ತ ಬೆಲೆ ಇಷ್ಟು.

ದಾರಿಯನ್ನೇ ಅಕ್ಷ ಮಾಡಿಕೊಂಡದ್ದು ಜಾಣತನವೇ ಹೌದು, ಆದರೆ ಅದರಿಂದ ಒಂದು ಸ್ವಾರಸ್ಯದ ಸಂಗತಿ ಮರೆಯಾಯಿತು. ಆ ರಾತ್ರಿ ಹುಣ್ಣಿಮೆಯ ಕ್ಷಣ, ಅಂದರೆ ಸೂರ್ಯನಿಗೆ ಚಂದ್ರ ಸರಿಯಾಗಿ 180 ಡಿಗ್ರಿ ಎದುರಾದ ಕ್ಷಣ, 11.39. ಗ್ರಹಣಮಧ್ಯ 11.42. ಈ ಮೂರು ನಿಮಿಷ ಎಲ್ಲಿಂದ ಬಂತು?

ಇದನ್ನು ಕಾಣಲು ಅಕ್ಷಗಳನ್ನು ಬದಲಿಸಬೇಕು. ನೆರಳಿನ ಕೇಂದ್ರವೇ ಮೂಲಬಿಂದು, ಕ್ರಾಂತಿವೃತ್ತವೇ x ಅಕ್ಷ, ಪೂರ್ವ ಬಲಕ್ಕೆ, ಉತ್ತರ ಮೇಲಕ್ಕೆ. (ದಕ್ಷಿಣಕ್ಕೆ ಮುಖಮಾಡಿ ಆಕಾಶ ನೋಡಿದರೆ ಪೂರ್ವ ಎಡಕ್ಕಿರುತ್ತದೆ, ಹಾಳೆಯ ಮೇಲೆ ಶಾಲೆಯ ರೂಢಿಯನ್ನು ಉಳಿಸಿಕೊಂಡಿದ್ದೇನೆ.) ಚಂದ್ರನ ಕಕ್ಷೆ ಕ್ರಾಂತಿವೃತ್ತಕ್ಕೆ ಸುಮಾರು 5 ಡಿಗ್ರಿ ವಾಲಿದೆ. ನೆರಳೂ ದಿನಕ್ಕೆ ಒಂದು ಡಿಗ್ರಿಯಂತೆ ಪೂರ್ವಕ್ಕೆ ಸರಿಯುವುದರಿಂದ ನೆರಳಿನ ಮೇಲೆ ಕೂತು ನೋಡಿದರೆ ಓರೆ ಕೊಂಚ ಹೆಚ್ಚಾಗಿ, ಹತ್ತಕ್ಕೆ ಒಂದರಷ್ಟು ಕಾಣುತ್ತದೆ. ಅಂದು ಚಂದ್ರ ರಾಹುವನ್ನು, ಎಂದರೆ ಕ್ರಾಂತಿವೃತ್ತವನ್ನು ದಾಟಿ ಉತ್ತರಕ್ಕೇರುವ ಸಂಪಾತವನ್ನು, ಸಮೀಪಿಸುತ್ತಿದ್ದ. ಹಾಗಾಗಿ ಇನ್ನೂ ದಕ್ಷಿಣದಲ್ಲಿದ್ದು ಮೇಲೇರುತ್ತಿದ್ದ. ರೇಖೆ ಮತ್ತು ವೃತ್ತ:

y = x/10 − 16
x² + y² = 3600

ಮೊದಲನೆಯದನ್ನು ಎರಡನೆಯದರಲ್ಲಿ ತುಂಬಬೇಕು. ಹೆಚ್ಚಿನ ಲೆಕ್ಕಗಳು ಕೆಡುವುದು ಈ ಹೆಜ್ಜೆಯಲ್ಲೇ: (x/10 − 16)² ಬಿಡಿಸುವಾಗ ನಡುವಿನ ಪದ ಬಿಟ್ಟುಹೋಗುತ್ತದೆ. ಅದನ್ನು ಬಿಡದೆ ಬರೆದರೆ 0.01x² − 3.2x + 256. ಒಟ್ಟುಗೂಡಿಸಿದಾಗ:

1.01x² − 3.2x − 3344 = 0

ಶೋಧಕದ ಬೆಲೆ ಸುಮಾರು 13520, ಅದರ ವರ್ಗಮೂಲ 116.3. ಮೂಲಗಳು −56.0 ಮತ್ತು 59.2. ಎರಡೂ ಸೊನ್ನೆಯಿಂದ ಸಮದೂರದಲ್ಲಿಲ್ಲ. ಅವುಗಳ ನಡುಬಿಂದು x = 1.6. ಹುಣ್ಣಿಮೆಯ ಕ್ಷಣದಲ್ಲಿ x ಸೊನ್ನೆ; ಗ್ರಹಣಮಧ್ಯ ಅದಕ್ಕಿಂತ 1.6 ಕಲೆ ಮುಂದೆ. ನಿಮಿಷಕ್ಕೆ 0.55ರ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ನಿಮಿಷ! ಆ −3.2x ಪದವನ್ನು ಕೈಬಿಟ್ಟಿದ್ದರೆ ಮೂಲಗಳು ಎರಡೂ ಕಡೆ ಸಮವಾಗಿ ಬಂದು, ಹುಣ್ಣಿಮೆಯ ಕ್ಷಣವೇ ಗ್ರಹಣಮಧ್ಯವೆಂಬ ತಪ್ಪು ಉತ್ತರ ಸಿಗುತ್ತಿತ್ತು. ಉತ್ತರ ನೋಡಲು ಬಹಳ ಅಂದವಾಗಿರುತ್ತಿತ್ತು ಎನ್ನುವುದೇ ಅದರ ಅಪಾಯ.

ಸರಿಯೋ ತಪ್ಪೋ ಎಂದು ನೋಡಲು ಒಂದು ದಾರಿಯಿದೆ. ಕೇಂದ್ರದಿಂದ ಜ್ಯಾದ ನಡುಬಿಂದುವಿಗೆ ಎಳೆದ ಗೆರೆ ಜ್ಯಾಕ್ಕೆ ಲಂಬವಾಗಿರಲೇಬೇಕು. ನಡುಬಿಂದುವಿನಲ್ಲಿ x = 1.584, ಆದ್ದರಿಂದ y = −15.84, ಕೇಂದ್ರದಿಂದ ಅಲ್ಲಿಗೆ ಹೋಗುವ ಗೆರೆಯ ಓರೆ −10. ಚಂದ್ರನ ದಾರಿಯ ಓರೆ 1/10. ಗುಣಲಬ್ಧ −1. ನಡುವಿನ ಪದ ತಪ್ಪಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಸೂರ್ಯಸಿದ್ಧಾಂತದ ಚಂದ್ರಗ್ರಹಣ ಅಧ್ಯಾಯ ಇದೇ ಲೆಕ್ಕವನ್ನು ಸಮೀಕರಣವಿಲ್ಲದೆ ಮಾಡುತ್ತದೆ. ಮಾನೈಕ್ಯಾರ್ಧದ ವರ್ಗದಲ್ಲಿ ಶರದ, ಅಂದರೆ ಚಂದ್ರನ ಉತ್ತರ ಅಥವಾ ದಕ್ಷಿಣ ದೂರದ, ವರ್ಗವನ್ನು ಕಳೆದು ಮೂಲ ತೆಗೆದು, ವೇಗಗಳ ಅಂತರದಿಂದ ಭಾಗಿಸಿ ಕಾಲಕ್ಕೆ ತಿರುಗಿಸಿದರೆ ಸ್ಥಿತ್ಯರ್ಧ. ನಮ್ಮ 3600 − 256 ಅದೇ. ಆದರೆ ಚಂದ್ರ ಓರೆಯಾಗಿ ನಡೆಯುವುದರಿಂದ ಸ್ಪರ್ಶದ ಹೊತ್ತಿನ ಶರವೇ ಬೇರೆ, ಮೋಕ್ಷದ ಹೊತ್ತಿನದೇ ಬೇರೆ. ಅದಕ್ಕೆ ಆ ಗ್ರಂಥ ಹೇಳುವ ಉಪಾಯ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು: ಸಿಕ್ಕ ಕಾಲಕ್ಕೆ ಹೊಸ ಶರ, ಹೊಸ ಶರದಿಂದ ಹೊಸ ಕಾಲ, ಉತ್ತರ ಅಲುಗದೆ ನಿಲ್ಲುವವರೆಗೆ. ವರ್ಗ ಸಮೀಕರಣ ಆ ಸುತ್ತುಗಳನ್ನೆಲ್ಲ ಒಂದೇ ಏಟಿಗೆ ಮುಗಿಸುತ್ತದೆ. ಹಾಗೆಂದು ಹಳೆಯ ವಿಧಾನವನ್ನು ಕೀಳೆಂದು ನಾನು ಹೇಳಲಾರೆ. ದಾರಿ ನೇರವಾಗಿಲ್ಲದಿದ್ದರೂ ಅದು ನಡೆಯುತ್ತದೆ, ನಮ್ಮ ಸಮೀಕರಣ ನಡೆಯುವುದಿಲ್ಲ.

ರೇಖೆ ವೃತ್ತದ ಅಂಚಿನ ಬಳಿ ಹಾದಾಗ ಲೆಕ್ಕದ ಸ್ವಭಾವವೇ ಬದಲಾಗುತ್ತದೆ. 2023ರ ಅಕ್ಟೋಬರ್ 28ರ ನಡುರಾತ್ರಿ ಕಳೆದ ಮೇಲೆ ನಮಗೆ ಕಂಡದ್ದು ಪಾರ್ಶ್ವ ಗ್ರಹಣ. ಚಂದ್ರನ ದಾರಿ ನೆರಳಿನ ಕೇಂದ್ರದಿಂದ ಸುಮಾರು 56 ಕಲೆ ದೂರವಿತ್ತು. 28ರ ವೃತ್ತಕ್ಕೆ ಹಚ್ಚಿದರೆ 784 − 3136, ಋಣಸಂಖ್ಯೆ, ಮೂಲವಿಲ್ಲ, ನಿಮೀಲನವಿಲ್ಲ. 60ರ ವೃತ್ತಕ್ಕೆ 3600 − 3136 = 464, ಮೂಲ 21.5. ಅದೇ ವೇಗ ಹಿಡಿದರೆ ಒಟ್ಟು 78 ನಿಮಿಷ. ನಿಜಕ್ಕೂ ನಡೆದದ್ದು ಸುಮಾರು 77 ನಿಮಿಷ. ಆದರೆ 56ರ ಬದಲು 57 ಎಂದಿಟ್ಟು ನೋಡಿ: 68 ನಿಮಿಷಕ್ಕೆ ಇಳಿಯುತ್ತದೆ. ಒಂದು ಕಲೆಯ ತಪ್ಪಿಗೆ ಹತ್ತು ನಿಮಿಷ! 2025ರ ಗ್ರಹಣದಲ್ಲಿ 16ರ ಬದಲು 17 ಎಂದಿದ್ದರೆ ಒಟ್ಟು ಅವಧಿ ಒಂದು ನಿಮಿಷ ಮಾತ್ರ ಕಡಿಮೆಯಾಗುತ್ತಿತ್ತು. ಸ್ಪರ್ಶಕಕ್ಕೆ ಹತ್ತಿರವಾದಷ್ಟೂ ಶೋಧಕ ಸೊನ್ನೆಗಿಳಿಯುತ್ತದೆ, ಸಣ್ಣ ಸಂಖ್ಯೆಯ ವರ್ಗಮೂಲ ಸಣ್ಣ ತಪ್ಪನ್ನು ಹಿಗ್ಗಿಸುತ್ತದೆ.

ಒಂದು ಕಲೆಯ ಅನುಮಾನ ಇದ್ದೇ ಇರುತ್ತದೆ. ನೆರಳಿನ ಅಂಚು ಗೆರೆ ಕೊರೆದಂತಿಲ್ಲ. ಭೂಮಿಯ ವಾತಾವರಣ ಅದನ್ನು ಕೊಂಚ ದೊಡ್ಡದು ಮಾಡುತ್ತದೆ. ಹಳೆಯ ರೂಢಿ ತ್ರಿಜ್ಯಕ್ಕೆ ಐವತ್ತರಲ್ಲೊಂದು ಪಾಲು ಸೇರಿಸುತ್ತದೆ, ಬೇರೆ ವಿಧಾನಗಳು ಬೇರೆ ಲೆಕ್ಕ ಹಿಡಿಯುತ್ತವೆ. 44 ಕಲೆಗೆ ಐವತ್ತರಲ್ಲೊಂದು ಎಂದರೆ ಹೆಚ್ಚುಕಡಿಮೆ ಒಂದು ಕಲೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾದ್ದರಿಂದ ನೆರಳು ಪಕ್ಕಾ ವೃತ್ತವೂ ಅಲ್ಲ.

ಸಮೀಕರಣಕ್ಕೆ ತಿಳಿಯದ ಇನ್ನೊಂದು ಸಂಗತಿ ದಿಗಂತ. 2026ರ ಮಾರ್ಚ್ 3ರ ಸಂಪೂರ್ಣ ಗ್ರಹಣಕ್ಕೂ ಇದೇ ಲೆಕ್ಕ ನಾಲ್ಕು ಮೂಲ ಕೊಡುತ್ತದೆ. ಮಧ್ಯಕಾಲ ಸಂಜೆ 5.03, ಉನ್ಮೀಲನ 5.32ರ ಹೊತ್ತಿಗೆ, ಮೋಕ್ಷ 6.47ರ ಹೊತ್ತಿಗೆ. ಬೆಂಗಳೂರಿನಲ್ಲಿ ಅಂದು ಚಂದ್ರೋದಯ ಸುಮಾರು ಆರೂವರೆಗೆ. ನಾಲ್ಕರಲ್ಲಿ ಮೂರು ಮೂಲಗಳು ದಿಗಂತದ ಕೆಳಗೇ ಮುಗಿಯುತ್ತವೆ, ಕಣ್ಣಿಗೆ ಸಿಗುವುದು ಕೊನೆಯದೊಂದೇ.