ಲಙ್ ಲಕಾರ

ಲಙ್ ಲಕಾರವು ಸಂಸ್ಕೃತದಲ್ಲಿ ಭೂತಕಾಲವನ್ನು ಸೂಚಿಸುವ ಕ್ರಿಯಾರೂಪಗಳಲ್ಲಿ ಒಂದು. ಪಾಣಿನಿಯ ವ್ಯಾಕರಣದಂತೆ ಇದು ಇಂದಿನ ದಿನಕ್ಕೆ ಸೇರದ ಭೂತಕಾಲಕ್ಕೆ, ಅಂದರೆ ಅನದ್ಯತನ ಭೂತಕ್ಕೆ ಸಲ್ಲುತ್ತದೆ. ಶಾಲಾ ಪಠ್ಯಗಳು ಈ ಭೇದವನ್ನು ಗಣಿಸದೆ ಇದನ್ನು ಸಾಮಾನ್ಯ ಭೂತಕಾಲವೆಂದೇ ಕಲಿಸುತ್ತವೆ. ಗಮ್ (ಹೋಗು) ಧಾತುವಿನ ರೂಪಗಳು ಹೀಗಿವೆ:

| ಪುರುಷ | ಏಕವಚನ | ದ್ವಿವಚನ | ಬಹುವಚನ |
|---|---|---|---|
| ಪ್ರಥಮ | ಅಗಚ್ಛತ್ | ಅಗಚ್ಛತಾಮ್ | ಅಗಚ್ಛನ್ |
| ಮಧ್ಯಮ | ಅಗಚ್ಛಃ | ಅಗಚ್ಛತಮ್ | ಅಗಚ್ಛತ |
| ಉತ್ತಮ | ಅಗಚ್ಛಮ್ | ಅಗಚ್ಛಾವ | ಅಗಚ್ಛಾಮ |

ಕನ್ನಡದಲ್ಲಿ ಭೂತಕಾಲದ ಗುರುತು ಧಾತುವಿನ ನಂತರ ಬರುತ್ತದೆ. ಸಂಸ್ಕೃತದ ಲಙ್‌ನಲ್ಲಿ ಧಾತುವಿನ ಮುಂದೆ 'ಅ' ಸೇರುತ್ತದೆ. ಇದಕ್ಕೆ ಅಟ್ ಆಗಮವೆಂದು ಹೆಸರು. ಹೋದನು, ಹೋದಳು, ಹೋಯಿತು ಎಂಬ ಮೂರಕ್ಕೂ 'ಅಗಚ್ಛತ್' ಒಂದೇ ಸಾಕು. ಆದರೆ ಕನ್ನಡದಲ್ಲಿಲ್ಲದ ದ್ವಿವಚನವನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ.

ಕೋಷ್ಟಕವನ್ನು ಬಾಯಿಪಾಠ ಮಾಡಿದವರೂ ಬರವಣಿಗೆಯಲ್ಲಿ ಎಡವುವುದುಂಟು. 'ಅಗಚ್ಛತ್' ಎಂಬುದರ ಕೊನೆಯ ತ್‌ಕಾರವನ್ನು ಅರ್ಧಾಕ್ಷರವಾಗಿ ಬರೆಯದಿದ್ದರೆ ಅದು 'ಅಗಚ್ಛತ' ಆಗುತ್ತದೆ. ಆಗ 'ಅವನು ಹೋದನು' ಎಂಬ ಅರ್ಥ ಹೋಗಿ 'ನೀವೆಲ್ಲ ಹೋದಿರಿ' ಎಂದಾಗುತ್ತದೆ. ಹಾಗೆಯೇ 'ತಾಮ್' ಎಂಬಲ್ಲಿ ದೀರ್ಘ ತಪ್ಪಿದರೆ 'ಅವರಿಬ್ಬರು' ಹೋಗಿ 'ನೀವಿಬ್ಬರು' ಬರುತ್ತದೆ. ಎರಡೂ ವ್ಯಾಕರಣಬದ್ಧ ರೂಪಗಳೇ ಆದುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು. ಕರ್ತೃಪದದೊಡನೆ ಹೋಲಿಸಿದಾಗಲೇ ತಿಳಿಯುತ್ತದೆ.

ಉಪಸರ್ಗವುಳ್ಳ ಧಾತುಗಳಲ್ಲಿ ತೊಡಕು ಇನ್ನೂ ಹೆಚ್ಚು. ಅಟ್ ಆಗಮವು ಉಪಸರ್ಗಕ್ಕೂ ಧಾತುವಿಗೂ ನಡುವೆ ಬರುತ್ತದೆಯೇ ಹೊರತು ಉಪಸರ್ಗದ ಮುಂದೆ ಅಲ್ಲ. 'ಛಾತ್ರೌ ಶಾಲಾಂ ಪ್ರವಿಶತಃ' ಎಂಬ ವಾಕ್ಯವನ್ನು ಲಙ್‌ಗೆ ಪರಿವರ್ತಿಸಬೇಕೆಂದಿಟ್ಟುಕೊಳ್ಳೋಣ. ಮೊದಲು 'ಪ್ರ' ಉಪಸರ್ಗವನ್ನು ಬಿಡಿಸಿದರೆ 'ವಿಶತಃ' ಉಳಿಯುತ್ತದೆ. ಅದು ಪ್ರಥಮಪುರುಷ ದ್ವಿವಚನವಾದುದರಿಂದ 'ತಃ' ಬದಲು 'ತಾಮ್' ಬಂದು, ಮುಂದೆ 'ಅ' ಸೇರಿ 'ಅವಿಶತಾಮ್' ಆಗುತ್ತದೆ. ಬಿಡಿಸಿಟ್ಟ 'ಪ್ರ'ವನ್ನು ಮರಳಿ ಕೂಡಿಸಿದಾಗ ಸವರ್ಣದೀರ್ಘ ಸಂಧಿಯಿಂದ 'ಪ್ರಾವಿಶತಾಮ್' ಸಿದ್ಧಿಸುತ್ತದೆ. ಉತ್ತರಪತ್ರಿಕೆಗಳಲ್ಲಿ ಕಾಣುವ 'ಅಪ್ರವಿಶತಾಮ್' ಅಸಾಧು.

ಇದೇ ಕ್ರಮದಲ್ಲಿ 'ಅನುಭವತಿ' ಎಂಬುದು ಯಣ್ ಸಂಧಿಯಿಂದ 'ಅನ್ವಭವತ್' ಆಗುತ್ತದೆ. 'ನಿರ್ಗಚ್ಛತಿ' 'ನಿರಗಚ್ಛತ್' ಆಗುತ್ತದೆ. 'ಉತ್ತಿಷ್ಠತಿ' ಎಂಬಲ್ಲಿ ಉಪಸರ್ಗದ ಮೂಲರೂಪ 'ಉದ್' ಎಂಬುದು ನೆನಪಿದ್ದರೆ ಮಾತ್ರ 'ಉದತಿಷ್ಠತ್' ಎಂದು ಸರಿಯಾಗಿ ಬರೆಯಲು ಸಾಧ್ಯ. 'ಆಗಚ್ಛತಿ' ಎಂಬುದರ ಲಙ್ ರೂಪ 'ಆಗಚ್ಛತ್'. ಇಲ್ಲಿ ಆ ಮತ್ತು ಅ ಕೂಡಿ ಆಕಾರವೇ ಉಳಿಯುವುದರಿಂದ, ಮೊದಲ ಅಕ್ಷರದಿಂದ ಭೂತಕಾಲವನ್ನು ಗುರುತಿಸಲಾಗದು; ಕೊನೆಯ 'ತ್' ಒಂದೇ ಗುರುತು.

ಸ್ವರದಿಂದ ಆರಂಭವಾಗುವ ಧಾತುಗಳಿಗೆ ಅಟ್ ಬದಲು ಆಟ್ ಆಗಮವಾಗಿ ವೃದ್ಧಿಯಾಗುತ್ತದೆ. ಹೀಗಾಗಿ 'ಇಚ್ಛತಿ' ಎಂಬುದಕ್ಕೆ 'ಐಚ್ಛತ್' ಎಂದಾಗುತ್ತದೆ. ಗುಣಸಂಧಿ ಮಾಡಿ 'ಏಚ್ಛತ್' ಎಂದು ಬರೆಯುವುದು ಸರಿಯಲ್ಲ.