ಆ ಒಂದು ಗಂಟೆಯ ಲೆಕ್ಕ ಎಲ್ಲಿಂದ ಬಂತು?

ಎರಡು ವರ್ಷ ತುಂಬುವವರೆಗೆ ಮಗುವಿಗೆ ಟಿವಿ, ಮೊಬೈಲು ಬೇಡ. ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ ಇದು. ಐದು ವರ್ಷದೊಳಗಿನವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯೂ ಹೆಚ್ಚುಕಡಿಮೆ ಹೀಗೇ ಇದೆ. ಆದರೆ ಆ ಸಂಸ್ಥೆ ತನ್ನ ಶಿಫಾರಸನ್ನು ಬಲವಾದದ್ದೆಂದು ಕರೆದು, ಅದಕ್ಕಿರುವ ಪುರಾವೆಯ ಗುಣಮಟ್ಟ ತೀರಾ ಕಡಿಮೆ ಎಂದೂ ಅಲ್ಲೇ ಬರೆದಿದೆ. ಈ ಎರಡನೆಯ ಮಾತು ಅಪ್ಪ ಅಮ್ಮಂದಿರ ಕಿವಿಗೆ ಬೀಳುವುದೇ ಇಲ್ಲ.

ಪುರಾವೆ ದುರ್ಬಲವಾಗಿರುವುದಕ್ಕೆ ಕಾರಣವಿದೆ. ಅರ್ಧ ಮಕ್ಕಳಿಗೆ ವರ್ಷಗಟ್ಟಲೆ ಮೊಬೈಲು ಕೊಟ್ಟು, ಉಳಿದರ್ಧಕ್ಕೆ ಕೊಡದೆ ಪರೀಕ್ಷಿಸಲು ಸಾಧ್ಯವಿಲ್ಲ. ಹಾಗಾಗಿ ಸಂಶೋಧಕರು ತಾಯಂದಿರನ್ನು ಕೇಳಿ ಬರೆದುಕೊಳ್ಳುತ್ತಾರೆ. ಕೆನಡಾದ ಕ್ಯಾಲ್ಗರಿಯಲ್ಲಿ ಸುಮಾರು 2,400 ಮಕ್ಕಳನ್ನು ಎರಡು, ಮೂರು ಮತ್ತು ಐದನೆಯ ವಯಸ್ಸಿನಲ್ಲಿ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎರಡರಲ್ಲಿ ಹೆಚ್ಚು ಪರದೆ ನೋಡಿದವರು ಮೂರರಲ್ಲಿ ಬೆಳವಣಿಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹಿಂದಿದ್ದರು. ಹಿಂದುಳಿದ ಮಗುವಿಗೇ ಆಮೇಲೆ ಹೆಚ್ಚು ಟಿವಿ ಹಾಕಿರಬಹುದಲ್ಲ ಎಂಬ ಸಂಶಯವನ್ನೂ ಪರಿಶೀಲಿಸಿದರು. ಅದಕ್ಕೆ ಆಧಾರ ಸಿಗಲಿಲ್ಲ. ಅಧ್ಯಯನದ ಗಟ್ಟಿತನ ಅದೇ. ಆದರೆ ಸಿಕ್ಕ ವ್ಯತ್ಯಾಸ ಚಿಕ್ಕದು, ಗಂಟೆಗಳ ಲೆಕ್ಕವೂ ತಾಯಂದಿರು ನೆನಪಿನಿಂದ ಹೇಳಿದ್ದು. ಒಂದು ಗಂಟೆ ಸರಿ, ಒಂದೂಕಾಲು ಗಂಟೆ ತಪ್ಪು ಎನ್ನಲು ಇದರಲ್ಲಿ ಏನೂ ಇಲ್ಲ.

ಎಳೆಯ ಮಕ್ಕಳ ಮಾತು ಕಲಿಕೆಯ ವಿಷಯದಲ್ಲಿ ಮಾತ್ರ ನಿಜವಾದ ಪ್ರಯೋಗಗಳಿವೆ. ಪ್ಯಾಟ್ರಿಷಿಯಾ ಕೂಲ್ ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಸಲ ಚೀನಿ ಭಾಷೆ ಕೇಳಿಸಿತು. ಎದುರಿಗೆ ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಹಿಡಿದವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಮಗು ತೊದಲಿದರೆ ಟಿವಿ ತಿರುಗಿ ಮಾತಾಡುವುದಿಲ್ಲವಲ್ಲ! ಮುಂದೆ 2014ರ ಇನ್ನೊಂದು ಪ್ರಯೋಗದಲ್ಲಿ, ಎರಡು ವರ್ಷದ ಆಸುಪಾಸಿನ ಮಕ್ಕಳು ವಿಡಿಯೊ ಕರೆಯಲ್ಲಿ ತಮಗೆ ಉತ್ತರಿಸುತ್ತಿದ್ದವರಿಂದ ಹೊಸ ಪದ ಕಲಿತರು, ಮೊದಲೇ ಚಿತ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಆದ್ದರಿಂದ ಅಮೆರಿಕದಲ್ಲಿರುವ ಮೊಮ್ಮಗು ಊರಿನ ಅಜ್ಜಿಯ ಜೊತೆ ಕರೆಯಲ್ಲಿ ಮಾತಾಡುವುದಕ್ಕೆ ಯಾವ ಅಳುಕೂ ಬೇಡ. ಮಾರ್ಗಸೂಚಿಗಳೇ ಅದಕ್ಕೆ ವಿನಾಯಿತಿ ಕೊಟ್ಟಿವೆ. ಊಟದ ಹೊತ್ತಿಗೆ ಒಂದೇ ಸಮನೆ ಓಡುವ ಹಾಡಿನ ವಿಡಿಯೊ ಬೇರೆಯೇ ವಿಷಯ. ಅದು ನುಂಗುವುದು ಆ ಹೊತ್ತಿನ ಮಾತುಕತೆಯನ್ನು.

ಶಾಲೆಗೆ ಹೋಗುವವರ ವಿಷಯದಲ್ಲಿ ಗಂಟೆಯ ಲೆಕ್ಕ ಇನ್ನೂ ಸಡಿಲ. ಅಮೆರಿಕದ ಮಕ್ಕಳ ತಜ್ಞರು 2016ರಲ್ಲಿ ಆರು ದಾಟಿದವರಿಗೆ ಸಂಖ್ಯೆಯನ್ನೇ ಹೇಳಲಿಲ್ಲ. ಬ್ರಿಟನ್ನಿನವರು 2019ರಲ್ಲಿ ಮಿತಿ ಗೊತ್ತುಪಡಿಸುವಷ್ಟು ಪುರಾವೆಯಿಲ್ಲವೆಂದರು, ಆದರೆ ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡವೆಂದರು. ನಾನಾದರೂ ಮೊದಲು ಕೇಳುವುದು ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಬಯಲಲ್ಲಿರುತ್ತದೆ ಎಂದು. ಬಯಲಿನ ಬಗ್ಗೆ ಪುರಾವೆ ಗಟ್ಟಿಯಾಗಿದೆ. ಚೀನಾದ ಗುವಾಂಗ್‌ಝೌನಲ್ಲಿ ಕೆಲವು ಶಾಲೆಗಳ ಒಂದನೆಯ ತರಗತಿಗೆ ದಿನಕ್ಕೆ 40 ನಿಮಿಷ ಹೊರಾಂಗಣದ ಅವಧಿ ಸೇರಿಸಿದರು. ಮೂರು ವರ್ಷದಲ್ಲಿ ಅಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಸುಮಾರು 30 ಶೇಕಡ ಮಕ್ಕಳಿಗೆ. ಎಂದಿನಂತೆ ನಡೆದ ಶಾಲೆಗಳಲ್ಲಿ ಸುಮಾರು 40 ಶೇಕಡ ಮಕ್ಕಳಿಗೆ.