ಅಣೆಕಟ್ಟಿಗಿಂತ ಮೊದಲೇ ಬಂದ ಲೆಕ್ಕ

ಸಿರಸಂಗಿಯ ಕಾಳಿಕಾದೇವಿ ಗುಡಿಯ ಆಸುಪಾಸಿನ ಎರೆಹೊಲಗಳಲ್ಲಿ ಜುಲೈ ಬಂತೆಂದರೆ ಮಾತು ಸುತ್ತಿ ಸುತ್ತಿ ಒಂದೇ ಕಡೆಗೆ ಬರುತ್ತದೆ: ‘ಈ ವರ್ಷ ಡ್ಯಾಮ್ ತುಂಬತೈತೇನ್ರಿ?’ ಡ್ಯಾಮ್ ಎಂದರೆ ಇದೇ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡ ಕಟ್ಟಿದ್ದು. ತುಂಬಿದರೆ 37.73 ಟಿಎಂಸಿ ನೀರು. ಅಲ್ಲಿ ನೀರು ನಿಂತದ್ದು ಎಪ್ಪತ್ತರ ದಶಕದಲ್ಲಿ. ಅದಕ್ಕೂ ಮೊದಲೇ, 1958ರಲ್ಲಿ, ಅಣೆಕಟ್ಟೊಂದು ಎಷ್ಟು ವರ್ಷಕ್ಕೊಮ್ಮೆ ತುಂಬೀತು, ಎಷ್ಟು ವರ್ಷಕ್ಕೊಮ್ಮೆ ಬರಿದಾದೀತು ಎಂಬುದನ್ನು ಗಣಿತದಲ್ಲಿ ಹಿಡಿದ ಪ್ರಬಂಧವೊಂದು ಅಮೆರಿಕದ ‘ಅನಲ್ಸ್ ಆಫ್ ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರು ಪಕ್ಕದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಎನ್.ಯು. ಪ್ರಭು.

ನರಹರಿ ಉಮಾನಾಥ ಪ್ರಭು ಹುಟ್ಟಿದ್ದು ಕಲ್ಲಿಕೋಟೆಯಲ್ಲಿ, 1924ರಲ್ಲಿ. 1952ರಿಂದ 1961ರವರೆಗೆ ಧಾರವಾಡದಲ್ಲಿದ್ದರು. ನಡುವೆ ಮ್ಯಾಂಚೆಸ್ಟರ್‌ಗೆ ಹೋಗಿ ಬಂದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್, ಕೊನೆಗೆ ಅಮೆರಿಕದ ಕಾರ್ನೆಲ್. ಸರದಿ ಸಾಲುಗಳ ಸಿದ್ಧಾಂತ ಓದಿದವರಿಗೆಲ್ಲ ಅವರ ಹೆಸರು ಗೊತ್ತು. ಧಾರವಾಡಕ್ಕೆ ಮಾತ್ರ ತನ್ನ ಕವಿಗಳೂ ಗವಾಯಿಗಳೂ ಫೇಡೆಯೂ ನೆನಪಿವೆ, ಈ ಮೇಷ್ಟ್ರಿಲ್ಲ. ಮಲಪ್ರಭೆಯ ಬಗ್ಗೆ ಇಷ್ಟೊಂದು ಗುದ್ದಾಡಿದ ನಾಡಿನಲ್ಲಿ ಒಂದು ಸಭೆಯಲ್ಲಾದರೂ ಈ ಪ್ರಬಂಧದ ಹೆಸರು ಬರಬಾರದೇ ಎಂದು ನನಗೆ ಸಿಟ್ಟು. ಹಾಗೆಂದು ಅವರು ಮಲಪ್ರಭೆಗಾಗಿ ಬರೆದದ್ದೇನಲ್ಲ. ಕ್ಯಾನ್‌ಬೆರಾದ ಪ್ಯಾಟ್ರಿಕ್ ಮೊರಾನ್ 1954ರಲ್ಲಿ ಅಣೆಕಟ್ಟಿನ ಒಂದು ಸರಳ ಮಾದರಿ ಕೊಟ್ಟಿದ್ದರು. ಒಳಹರಿವು ಕೆಲವು ನಿರ್ದಿಷ್ಟ ಬಗೆಯದ್ದಾಗಿದ್ದರೆ ಆ ಮಾದರಿಗೆ ಅಂದಾಜಲ್ಲದ, ನಿಖರ ಉತ್ತರ ಸಿಗುತ್ತದೆಂದು ಪ್ರಭು ತೋರಿಸಿದರು.

ಮೊರಾನರ ಮಾದರಿಯನ್ನು ಕೈಲೆಕ್ಕಕ್ಕೆ ಸಿಗುವಷ್ಟು ಕುಗ್ಗಿಸಿ ನೋಡೋಣ. ಅಣೆಕಟ್ಟಿನ ಒಟ್ಟು ಸಾಮರ್ಥ್ಯ ಮೂರು ಪಾಲು. ಮಳೆಗಾಲದಲ್ಲಿ ಬಂದರೆ ಎರಡು ಪಾಲು ನೀರು, ಇಲ್ಲದಿದ್ದರೆ ಏನೂ ಇಲ್ಲ. ಎರಡಕ್ಕೂ ಸಮ ಸಾಧ್ಯತೆ, ಹೋದ ವರ್ಷದ ಮಳೆಗೂ ಈ ವರ್ಷದ ಮಳೆಗೂ ಸಂಬಂಧವಿಲ್ಲ. ಮೂರು ಪಾಲು ಮೀರಿದ್ದು ಕೋಡಿ ಹರಿದು ಹೋಗುತ್ತದೆ. ಮಳೆ ಮುಗಿದ ಮೇಲೆ, ಇದ್ದರೆ, ಒಂದು ಪಾಲನ್ನು ಕಾಲುವೆಗೆ ಬಿಡುತ್ತಾರೆ. ಮೇ ಕೊನೆಗೆ ಅಳೆದರೆ ಅಣೆಕಟ್ಟಿನಲ್ಲಿ ಸೊನ್ನೆ, ಒಂದು ಅಥವಾ ಎರಡು ಪಾಲು ಉಳಿದಿರಬಹುದು. ಬರುವ ವರ್ಷ ಏನಾಗುತ್ತದೆಂದು ಹೇಳಲು ಈ ಮೇ ತಿಂಗಳ ಮಟ್ಟವಷ್ಟೇ ಸಾಕು, ಹಿಂದಿನ ಚರಿತ್ರೆ ಬೇಡ. ಇದೇ ಮಾರ್ಕೋವ್ ಸರಪಳಿ. ಇಲ್ಲಿ ಅದಕ್ಕೆ ಮೂರೇ ಸ್ಥಿತಿಗಳು.

ಬರಿದಾದ ಅಣೆಕಟ್ಟಿನಿಂದ ಶುರುಮಾಡಿ. ಒಂದು ವರ್ಷದ ನಂತರ ಸೊನ್ನೆ ಪಾಲು ಇರುವ ಸಾಧ್ಯತೆ ಅರ್ಧ, ಒಂದು ಪಾಲು ಇರುವುದು ಅರ್ಧ, ಎರಡು ಇರುವುದು ಅಸಾಧ್ಯ. ಎರಡನೇ ವರ್ಷಕ್ಕೆ ಅರ್ಧ, ಕಾಲು, ಕಾಲು. ಮೂರನೇ ವರ್ಷಕ್ಕೆ ಎಂಟರಲ್ಲಿ ಮೂರು, ಎಂಟರಲ್ಲಿ ಮೂರು, ಕಾಲು. ನಾಲ್ಕನೆಯದಕ್ಕೆ ಹದಿನಾರರಲ್ಲಿ ಆರು, ಐದು, ಐದು. ಮೂರೂ ಮಟ್ಟಗಳು ಮೂರನೇ ಒಂದರ ಕಡೆಗೆ ಸರಿಯುತ್ತಿವೆ, ಅತಿ ಹೆಚ್ಚಿನ ವ್ಯತ್ಯಾಸ ವರ್ಷ ವರ್ಷ ಸರಿಯಾಗಿ ಅರ್ಧವಾಗುತ್ತಿದೆ. ಎರಡು ಪಾಲು ತುಂಬಿದ ಮೇ ತಿಂಗಳಿಂದ ಶುರುಮಾಡಿದರೆ ನಾಲ್ಕನೇ ವರ್ಷಕ್ಕೆ ಐದು, ಐದು, ಆರು. ಬರಗಾಲದಲ್ಲಿ ಶುರುವಾದ ಅಣೆಕಟ್ಟೂ ಸುಗ್ಗಿಯಲ್ಲಿ ಶುರುವಾದ ಅಣೆಕಟ್ಟೂ ಹತ್ತು ವರ್ಷದೊಳಗೆ ಗುರುತು ಸಿಗದಷ್ಟು ಒಂದೇ ಥರ ಆಗಿಬಿಡುತ್ತವೆ.

ಈ ಮೂರನೇ ಒಂದರಿಂದ ರೈತನಿಗೆ ಬೇಕಾದ ಲೆಕ್ಕವೂ ಹೊರಡುತ್ತದೆ. ಕಾಲುವೆಗೆ ನೀರೇ ಇಲ್ಲದಿರಲು ಮೇನಲ್ಲಿ ಸೊನ್ನೆ ಇರಬೇಕು, ಮಳೆಯೂ ಕೈಕೊಡಬೇಕು: ಮೂರನೇ ಒಂದರ ಅರ್ಧ, ಅಂದರೆ ಆರು ವರ್ಷಕ್ಕೊಮ್ಮೆ. ಕೋಡಿ ಬೀಳಲು ಮೇನಲ್ಲಿ ಎರಡು ಪಾಲು ಇದ್ದು ಮೇಲೆ ಎರಡು ಪಾಲು ಬರಬೇಕು: ಅದೂ ಆರು ವರ್ಷಕ್ಕೊಮ್ಮೆ. ಸರಾಸರಿ ಒಳಹರಿವು ವರ್ಷಕ್ಕೆ ಒಂದು ಪಾಲು, ಬೇಡಿಕೆಯೂ ಒಂದೇ ಪಾಲು. ಕಾಗದದ ಮೇಲೆ ಸರಿಸಮ. ಆದರೂ ಆರರಲ್ಲೊಂದು ವರ್ಷ ಕಾಲುವೆ ಒಣಗುತ್ತದೆ, ಆ ನೀರು ಬೇರೊಂದು ವರ್ಷ ಕೋಡಿ ದಾಟಿ ಹೋಗಿರುತ್ತದೆ.

ಹೀಗೆ ಶುರುವಾತು ಮರೆಯುವ ಗುಣ ಎಲ್ಲ ಸರಪಳಿಗೂ ಇದೆಯೇ? ಇಲ್ಲಿಗೆ ರಷ್ಯಾದ ಒಂದು ಜಗಳ ಬೇಕು. ಮಾಸ್ಕೋದ ಪಾವೆಲ್ ನೆಕ್ರಾಸೋವ್ ಗಣಿತಜ್ಞ, ಕಟ್ಟಾ ದೈವಭಕ್ತ. ದೇಶದ ಮದುವೆ, ಅಪರಾಧಗಳ ಸಂಖ್ಯೆ ವರ್ಷವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದಲ್ಲ. ಘಟನೆಗಳು ಒಂದಕ್ಕೊಂದು ಅಂಟಿಕೊಂಡಿರದೆ ಸ್ವತಂತ್ರವಾಗಿದ್ದರೆ ಮಾತ್ರ ಸರಾಸರಿ ಹೀಗೆ ನೆಲೆ ನಿಲ್ಲುತ್ತದೆ, ಆದ್ದರಿಂದ ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆ ಎಂದು 1902ರಲ್ಲಿ ವಾದಿಸಿದ. ಪೀಟರ್ಸ್‌ಬರ್ಗ್‌ನ ಆಂದ್ರೇ ಮಾರ್ಕೋವ್‌ಗೆ ಮೈಯೆಲ್ಲ ಉರಿಯಿತು. ಮುಂದೆ 1912ರಲ್ಲಿ ತನ್ನನ್ನು ಚರ್ಚಿನಿಂದ ಹೊರಗೆ ಹಾಕಿ ಎಂದು ತಾನೇ ಅರ್ಜಿ ಬರೆದ ಮನುಷ್ಯ ಆತ. ಗಣಿತಕ್ಕೆ ದೇವರನ್ನು ಎಳೆದು ತರುವುದು ಆತನಿಗೆ ಸಹ್ಯವೇ ಆಗಲಿಲ್ಲ. 1906ರಲ್ಲಿ ಉತ್ತರ ಕೊಟ್ಟ: ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಗೆ ಅಂಟಿಕೊಂಡಿದ್ದರೂ ಸರಾಸರಿ ನೆಲೆ ನಿಲ್ಲಬಲ್ಲದು.   

ಮಾರ್ಕೋವ್ ಜಾಣತನದಿಂದ ಸುಲಭದ ನೆಲ ಆರಿಸಿಕೊಂಡಿದ್ದ: ಯಾವ ಸ್ಥಿತಿಯಿಂದ ಯಾವ ಸ್ಥಿತಿಗಾದರೂ ಒಂದೇ ಹೆಜ್ಜೆಯಲ್ಲಿ ಹೋಗಲು ಸಾಧ್ಯವಿರಬೇಕು. ನಮ್ಮ ಪುಟ್ಟ ಅಣೆಕಟ್ಟೇ ಆ ಷರತ್ತಿಗೆ ಹೊಂದುವುದಿಲ್ಲ. ಸೊನ್ನೆಯಿಂದ ಎರಡಕ್ಕೆ ಒಂದು ವರ್ಷದಲ್ಲಿ ಏರಲಾಗದು. ನಿಜಕ್ಕೂ ಬೇಕಾದ್ದೇನೆಂದು ಬಿಡಿಸಿದವರು ಬರ್ಲಿನ್ನಿನ ಫ್ರೊಬೇನಿಯಸ್, 1912ರಲ್ಲಿ, ಅದೂ ಸಂಭವನೀಯತೆಯ ಮಾತೇ ಎತ್ತದೆ, ಬರೀ ಸಂಖ್ಯೆಗಳ ಚೌಕಗಳ ಬಗ್ಗೆ. ಷರತ್ತು ಎರಡು. ಒಂದು, ಎಷ್ಟೇ ಹೆಜ್ಜೆ ಹಿಡಿಯಲಿ, ಎಲ್ಲಿಂದ ಬೇಕಾದರೂ ಎಲ್ಲಿಗೆ ಬೇಕಾದರೂ ದಾರಿ ಇರಬೇಕು, ಇದು ಅವಿಭಾಜ್ಯತೆ. ಇನ್ನೊಂದು, ಹೊರಟಲ್ಲಿಗೆ ಮರಳುವ ಹೆಜ್ಜೆಗಳ ಸಂಖ್ಯೆಗಳಿಗೆಲ್ಲ ಒಂದಕ್ಕಿಂತ ದೊಡ್ಡದಾದ ಸಾಮಾನ್ಯ ಭಾಜಕ ಇರಬಾರದು. ಇದ್ದರೆ ಅಂಥವುಗಳಲ್ಲಿ ಅತಿ ದೊಡ್ಡದೇ ಆ ಸರಪಳಿಯ ಆವರ್ತ.

ಮೊದಲನೆಯದು ಮುರಿದರೆ ಏನಾಗುತ್ತದೆಂಬುದನ್ನು ಅಣೆಕಟ್ಟಿನಲ್ಲೇ ನೋಡಬಹುದು. ಪ್ರತಿ ವರ್ಷ ತಪ್ಪದೆ ಒಂದೇ ಪಾಲು ಬಂದು ಒಂದೇ ಪಾಲು ಹೋಗುತ್ತದೆನ್ನಿ. ಆಗ ಸೊನ್ನೆಯಲ್ಲಿದ್ದದ್ದು ಸೊನ್ನೆಯಲ್ಲೇ, ಎರಡರಲ್ಲಿದ್ದದ್ದು ಎರಡರಲ್ಲೇ. ಕಟ್ಟಿದ ವರ್ಷದ ಅದೃಷ್ಟವೇ ಕೊನೆಯವರೆಗೂ ಉಳಿಯುತ್ತದೆ. ‘ದೀರ್ಘಕಾಲದ ಮಟ್ಟ’ಕ್ಕೆ ಒಂದೇ ಉತ್ತರ ಇಲ್ಲ. ಇನ್ನೊಂದು ಸಂದರ್ಭ: ಬಂದರೆ ಒಂದು ಪಾಲು, ಇಲ್ಲವೇ ಸೊನ್ನೆ. ಆಗ ಮಟ್ಟ ಇಳಿಯುತ್ತದೆ, ಏರುವುದಿಲ್ಲ. ಅವಿಭಾಜ್ಯತೆ ಇಲ್ಲಿಯೂ ಇಲ್ಲ, ಆದರೆ ಎಲ್ಲ ದಾರಿಗಳೂ ಸೊನ್ನೆಗೇ ಹೋಗಿ ನಿಲ್ಲುವುದರಿಂದ ಉತ್ತರ ಒಂದೇ: ಬರಿದಾದ ಅಣೆಕಟ್ಟು. ಹಾಗಾಗಿ ಅವಿಭಾಜ್ಯತೆ ಇದ್ದರೆ ಒಳ್ಳೆಯದು, ಆದರೆ ಉತ್ತರ ಒಂದೇ ಆಗಲು ಬೇಕಾದ್ದು ಇಷ್ಟು: ಒಳಹೊಕ್ಕರೆ ಹೊರಬರಲಾಗದ ಗುಂಪು ಒಂದೇ ಇರಬೇಕು, ಎರಡಿರಬಾರದು.

ಎರಡನೆಯ ಷರತ್ತೇ ಹೆಚ್ಚು ಮೋಸಗಾರ. ನಮ್ಮ ಮೂಲ ಮಾದರಿಯಲ್ಲಿ ಮಟ್ಟ ಪ್ರತಿ ವರ್ಷ ಒಂದು ಪಾಲು ಏರಬೇಕು ಇಲ್ಲವೇ ಇಳಿಯಬೇಕು. ಹೀಗಾದರೆ ಸಮ, ಬೆಸ, ಸಮ, ಬೆಸ ಎಂದು ಕುಣಿಯುತ್ತಲೇ ಇರಬೇಕಿತ್ತು. ಕುಣಿತ ತಪ್ಪಿಸಿದ್ದು ಎರಡು ಅಂಚುಗಳು. ಬರಿದಾದ ಅಣೆಕಟ್ಟು ಮಳೆ ಬಾರದಿದ್ದರೆ ಬರಿದಾಗಿಯೇ ಉಳಿಯುತ್ತದೆ. ತುಂಬಿದ್ದು ಕೋಡಿ ಹರಿದು ತುಂಬಿಯೇ ಉಳಿಯುತ್ತದೆ. ಇದ್ದಲ್ಲೇ ಇರುವ ಒಂದು ಹೆಜ್ಜೆ ಸಿಕ್ಕರೆ ಸಾಕು, ಆವರ್ತ ಮುರಿಯುತ್ತದೆ. ರೈತನಿಗೆ ಸಂಕಟ ತರುವ ಬರ ಮತ್ತು ಪ್ರವಾಹಗಳೇ ಇಲ್ಲಿ ಲೆಕ್ಕವನ್ನು ನೆಲೆಗೆ ತರುತ್ತವೆ.

ಆದರೆ ಅಣೆಕಟ್ಟನ್ನು ವರ್ಷಕ್ಕೆ ಎರಡು ಸಲ, ಮಳೆ ಮುಗಿದಾಗ ಒಮ್ಮೆ, ಮೇನಲ್ಲಿ ಒಮ್ಮೆ ಅಳೆದು ಋತುವನ್ನೂ ಸ್ಥಿತಿಯೊಳಗೆ ಸೇರಿಸಿ ಬರೆಯಿರಿ. ಆವರ್ತ ಮರಳಿ ಬಂತು. ಮೇ ತಿಂಗಳಿಂದ ಮೇ ತಿಂಗಳಿಗೆ ಹೋಗಲು ಸಮ ಸಂಖ್ಯೆಯ ಹೆಜ್ಜೆಗಳೇ ಬೇಕು. ನಮ್ಮ ಮಾದರಿಯಲ್ಲಿ ಮೇನಲ್ಲಿ ಸರಾಸರಿ ಒಂದು ಪಾಲು, ಮಳೆ ಮುಗಿದಾಗ ಆರರಲ್ಲಿ ಹನ್ನೊಂದು, ಅಂದರೆ ಸುಮಾರು 1.83 ಪಾಲು. ನೂರು ವರ್ಷ ಕಳೆದರೂ ಮಟ್ಟದ ಹಂಚಿಕೆ ಒಂದೇ ಕಡೆ ನಿಲ್ಲದೆ ಈ ಎರಡರ ನಡುವೆ ಓಡಾಡುತ್ತದೆ. ದೀರ್ಘಕಾಲದ ಹಂಚಿಕೆ ಮಾತ್ರ ಇದ್ದೇ ಇದೆ, ಎರಡರ ಸರಾಸರಿಯಾಗಿ: 1.42 ಪಾಲು. ನೆಕ್ರಾಸೋವ್‌ನನ್ನು ಸೋಲಿಸಲು ಅಷ್ಟು ಸಾಕು, ಸರಾಸರಿಗೆ ಆವರ್ತದ ಹಂಗಿಲ್ಲ. ಕಾಲುವೆಯ ಗೇಟ್ ಎತ್ತುವವನಿಗೆ ಸಾಲದು, 1.42 ಎಂಬ ಸರಾಸರಿ ಮೇಗೂ ಒಪ್ಪುವುದಿಲ್ಲ, ಮಳೆಯ ಕೊನೆಗೂ ಒಪ್ಪುವುದಿಲ್ಲ.

ಕಂಪ್ಯೂಟರಿಗೆ ಈ ಸರಪಳಿ ಕೊಟ್ಟು ಸ್ಥಿರ ಹಂಚಿಕೆ ಕೇಳಿದರೆ ಅದು ತಕರಾರಿಲ್ಲದೆ ಆ ಸರಾಸರಿಯನ್ನೇ ಕೊಡುತ್ತದೆ. ಮೋಸ ಹಿಡಿಯುವ ದಾರಿ ಹಳೆಯದು: ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗುವ ಸಾಧ್ಯತೆ ಎಷ್ಟೆಂದು ಬರೆದ ಚೌಕವನ್ನು ಅದರಿಂದಲೇ ಗುಣಿಸುತ್ತ ಹೋಗಿ, ಎಲ್ಲ ಮನೆಗಳೂ ಸೊನ್ನೆಗಿಂತ ಹೆಚ್ಚಾದವೇ ನೋಡುವುದು. ಎಷ್ಟು ಸಲ ಗುಣಿಸಿ ಸಾಕು ಮಾಡಬೇಕೆಂದು ವೀಲಾಂಟ್ 1950ರಲ್ಲಿ ಹೇಳಿದರು: n ಸ್ಥಿತಿಗಳಿದ್ದರೆ (n−1)²+1ನೇ ಘಾತ. ಮೂರು ಸ್ಥಿತಿಗೆ ಐದನೆಯದು. ಅಲ್ಲಿಯೂ ಒಂದು ಸೊನ್ನೆ ಉಳಿದಿದ್ದರೆ ಎರಡು ಷರತ್ತುಗಳಲ್ಲಿ ಒಂದಾದರೂ ಮುರಿದಿದೆ. ನಮ್ಮ ವಾರ್ಷಿಕ ಅಣೆಕಟ್ಟು ಎರಡನೇ ಘಾತದಲ್ಲೇ ಪಾಸು. ಆರು ತಿಂಗಳ ಲೆಕ್ಕದ್ದರಲ್ಲಿ ಎಷ್ಟು ಗುಣಿಸಿದರೂ ಸೊನ್ನೆಗಳು ಜಾಗ ಬದಲಿಸುತ್ತವೆಯೇ ಹೊರತು ಹೋಗುವುದಿಲ್ಲ.

ಮಳೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ನಾವು ಇಟ್ಟುಕೊಂಡದ್ದನ್ನೂ ಕೈಬಿಡಬಹುದು. ಇಂಗ್ಲೆಂಡಿನ ಇ.ಎಚ್. ಲಾಯ್ಡ್ 1963ರಲ್ಲಿ ಹೋದ ವರ್ಷದ ಒಳಹರಿವನ್ನೂ ಸ್ಥಿತಿಯೊಳಗೆ ಸೇರಿಸಿದರು. ನಮ್ಮ ಮಾದರಿಯ ಮೂರು ಸ್ಥಿತಿಗಳು ಆಗ ನಾಲ್ಕಾಗುತ್ತವೆ, ಪರೀಕ್ಷೆ ಅದೇ. ದಾಟಲಾಗದ ತೊಡಕು ಹೂಳಿನದು. ಹೂಳು ತುಂಬಿದಂತೆ ಮೂರು ಪಾಲಿನ ಅಣೆಕಟ್ಟು ಎರಡೂಮುಕ್ಕಾಲು ಪಾಲಿನದ್ದಾಗುತ್ತದೆ, ಆಮೇಲೆ ಎರಡೂವರೆ. ಸಾಧ್ಯತೆಗಳ ಚೌಕವೇ ವರ್ಷ ವರ್ಷ ಬದಲಾದರೆ ಮೊರಾನರ, ಪ್ರಭುಗಳ ಸ್ಥಿರ ಹಂಚಿಕೆಗೆ ಹಿಡಿತವಿಲ್ಲ. ಹೂಳು ನಿಧಾನ, ಮರೆವು ಬೇಗ ಎಂದಾದರೆ ಮಾತ್ರ ಸದ್ಯದ ಸಾಮರ್ಥ್ಯ ಇಟ್ಟುಕೊಂಡು ಲೆಕ್ಕ ಹಾಕಬಹುದು. ವರ್ಷಕ್ಕೆ ಅರ್ಧರ್ಧ ಮರೆಯುವ ನಮ್ಮ ಪುಟ್ಟ ಮಾದರಿಗೆ ಅದು ನಡೆದೀತು. ಮಾದರಿಯನ್ನು ಪಾಲಿನಿಂದ ಟಿಎಂಸಿಗೆ ಏರಿಸಿ ಸ್ಥಿತಿಗಳನ್ನು ಹೆಚ್ಚಿಸಿದಂತೆ ಈ ಮರೆವು ಎಷ್ಟು ನಿಧಾನವಾಗುತ್ತದೆ ಎಂಬುದನ್ನು ಆಯಾ ಅಣೆಕಟ್ಟಿಗೆ, ಆಯಾ ಮಳೆಗೆ, ಬೇರೆಯಾಗಿಯೇ ಲೆಕ್ಕ ಹಾಕಬೇಕು.